ಸಾಲ ತೀರಿದ ಮೇಲಿನ ಕಂತು

ಪ್ರಿಯ ಗೆಳೆಯಾ,

ಅತ್ತಿಗೆಯವರ ಸಂಘದ ಪಾಸ್ ಪುಸ್ತಕದ ಫೋಟೋಗಳನ್ನೂ ಸಂಘದ ಲೆಕ್ಕದ ಎರಡು ಪುಟಗಳನ್ನೂ ಕಳಿಸಿ, "ಮೂರನೆಯ ಸಾಲವೂ ತೀರಿತು, ಇನ್ನು ಸಂಘ ಬಿಟ್ಟು, ಬರುವ ದುಡ್ಡನ್ನು ಮ್ಯೂಚುಯಲ್ ಫಂಡಿಗೆ ಹಾಕಿಸಲೇ?" ಎಂದು ಕೇಳಿದ್ದೀಯ. ಹತ್ತಾರು ವರ್ಷ ಸ್ತ್ರೀಶಕ್ತಿ ಗುಂಪುಗಳ ಲೆಕ್ಕ ನೋಡಿದ ನನಗೆ ಈ ಪ್ರಶ್ನೆ ಹೊಸದಲ್ಲ. ಬೇರೆ ಮನೆಗಳಲ್ಲೂ ಇದೇ ಮಾತು ನಡೆಯುತ್ತಿರುವುದರಿಂದ, ನೀನು ಒಪ್ಪಿದಂತೆ ಹೆಸರು, ಊರು ಬಿಟ್ಟು ಈ ಪತ್ರವನ್ನು ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ.

ಮೊದಲು, ಸಂಘದಲ್ಲಿ ಅತ್ತಿಗೆಯವರ ಹಣ ಎಷ್ಟಿದೆ ಎಂಬುದನ್ನು ನೋಡೋಣ. ವಾರಕ್ಕೆ 50 ರೂಪಾಯಿಯಂತೆ ನಾಲ್ಕು ವರ್ಷ ಕಟ್ಟಿದ್ದಾರೆ, ಅಂದರೆ 10,400 ರೂಪಾಯಿ. ಪಾಸ್ ಪುಸ್ತಕದಲ್ಲಿರುವುದೂ ಅಷ್ಟೇ. ಆದರೆ ಅವರ ನಿಜವಾದ ಪಾಲು ಆ ಪುಸ್ತಕದಲ್ಲಿ ಸಿಗುವುದಿಲ್ಲ. ಅದನ್ನು ತಿಳಿಯಬೇಕಾದರೆ ಸಂಘದ ಬ್ಯಾಂಕ್ ಖಾತೆಯಲ್ಲಿರುವ ಹಣಕ್ಕೆ ಸದಸ್ಯರಿಂದ ಬರಬೇಕಾದ ಸಾಲದ ಅಸಲನ್ನೂ ಕೈಯಲ್ಲಿರುವ ನಗದನ್ನೂ ಕೂಡಿಸಿ, ಸಂಘವು ಬ್ಯಾಂಕಿಗೆ ಕಟ್ಟಬೇಕಾದ ಸಾಲವನ್ನು ಕಳೆದು, ಉಳಿದುದನ್ನು ಸದಸ್ಯರ ಸಂಖ್ಯೆಯಿಂದ ಭಾಗಿಸಬೇಕು. ನೀನು ಕಳಿಸಿದ ಪುಟಗಳ ಪ್ರಕಾರ ಬ್ಯಾಂಕಿನಲ್ಲಿ 38,000, ಸದಸ್ಯರ ಬಳಿ ಸಾಲವಾಗಿ 2,84,500, ಬ್ಯಾಂಕಿಗೆ ಕಟ್ಟಬೇಕಾದುದು 1,20,000, ಕೈಯಲ್ಲಿ ನಗದಿಲ್ಲ. ಉಳಿಯುವುದು 2,02,500 ರೂಪಾಯಿ. ಹದಿನೈದು ಜನರೂ ಒಂದೇ ಸಮ ಉಳಿತಾಯ ಕಟ್ಟಿರುವುದರಿಂದ ತಲೆಗೆ 13,500 ಬರುತ್ತದೆ. ಅಂದರೆ ಕಟ್ಟಿದ್ದಕ್ಕಿಂತ 3,100 ರೂಪಾಯಿ ಹೆಚ್ಚು.

ಈ 3,100 ಎಲ್ಲಿಂದ ಬಂತು? ಸಾಲ ಪಡೆದವರು ಕಟ್ಟಿದ ಬಡ್ಡಿಯಿಂದ. ನಿಮ್ಮ ಸಂಘದಲ್ಲಿ ಆಂತರಿಕ ಸಾಲಕ್ಕೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ, ಅದೂ ಉಳಿದ ಅಸಲಿನ ಮೇಲೆ ಮಾತ್ರ. ಅತ್ತಿಗೆಯವರು 20,000 ರೂಪಾಯಿಯಂತೆ ಮೂರು ಸಲ ಸಾಲ ಪಡೆದು, ಪ್ರತಿ ಸಾಲವನ್ನೂ ಹತ್ತು ಕಂತುಗಳಲ್ಲಿ ತೀರಿಸಿದ್ದಾರೆ. ಮೊದಲ ತಿಂಗಳು 2,000 ಅಸಲು ಮತ್ತು 400 ಬಡ್ಡಿ, ಕೊನೆಯ ತಿಂಗಳು 2,000 ಅಸಲು ಮತ್ತು 40 ಬಡ್ಡಿ. ಹತ್ತೂ ಕಂತಿನ ಬಡ್ಡಿ ಸೇರಿಸಿದರೆ ಒಂದು ಸಾಲಕ್ಕೆ 2,200, ಮೂರಕ್ಕೆ 6,600. ಅವರ ಪಾಲಿಗೆ ಲಾಭವಾಗಿ ಬಂದದ್ದು 3,100. ಒಮ್ಮೆಯೂ ಸಾಲ ಪಡೆಯದ ಸದಸ್ಯೆ ಇದ್ದರೆ ಆಕೆಗೂ ಅದೇ 3,100 ಬಂದಿದೆ. ನಾಲ್ಕು ವರ್ಷಗಳಲ್ಲಿ ಸಂಘದೊಳಗಿದ್ದ ಆಕೆಯ ಹಣದ ಸರಾಸರಿ 5,200 ರೂಪಾಯಿ ಎಂದು ಹಿಡಿದರೆ, ಆಕೆಗೆ ವರ್ಷಕ್ಕೆ ಸುಮಾರು ಶೇಕಡಾ 15ರಷ್ಟು ಗಳಿಕೆಯಾಗಿದೆ. ಯಾವ ಬ್ಯಾಂಕೂ ಠೇವಣಿಗೆ ಅಷ್ಟು ಕೊಡುವುದಿಲ್ಲ. ಸಂಘದಲ್ಲಿ ಲಾಭ ಸಮನಾಗಿ ಹಂಚಿಹೋಗುತ್ತದೆ, ಬಡ್ಡಿಯ ಹೊರೆ ಹಾಗೆ ಹಂಚಿಹೋಗುವುದಿಲ್ಲ ಎಂಬುದನ್ನು ಅನೇಕ ಸಂಘಗಳ ಪ್ರತಿನಿಧಿಗಳೂ ಗಮನಿಸಿರುವುದಿಲ್ಲ. ಆದ್ದರಿಂದ ಅತ್ತಿಗೆಯವರು ಈಗ ಮಾಡಬೇಕಾದುದು ಸಂಘ ಬಿಡುವುದಲ್ಲ. ಸದಸ್ಯೆಯಾಗಿಯೇ ಉಳಿದು, ಮನೆಯ ಖರ್ಚಿಗೆ ಸಾಲ ಪಡೆಯುವುದನ್ನು ಬಿಡುವುದು.

(ನಡುವೆ ಒಂದು ಮಾತು. ಸಂಘದಲ್ಲಿ ಎರಡು ರೂಪಾಯಿ ಬಡ್ಡಿ, ನಮ್ಮಲ್ಲಿ ಒಂದೇ ರೂಪಾಯಿ ಎಂದು ಹೇಳಿಕೊಂಡು ಮನೆ ಬಾಗಿಲಿಗೆ ಬರುವವರಿದ್ದಾರೆ. ಅವರ ಒಂದು ರೂಪಾಯಿ ಫ್ಲಾಟ್ ಬಡ್ಡಿಯಾದರೆ, ಅಸಲು ಎಷ್ಟೇ ತೀರಿದ್ದರೂ ಕೊನೆಯ ತಿಂಗಳವರೆಗೆ ಪೂರ್ತಿ 20,000ಕ್ಕೆ ಬಡ್ಡಿ ಹಾಕುತ್ತಾರೆ. ಹನ್ನೆರಡು ತಿಂಗಳಿಗೆ ಅದು 2,400 ಆಗುತ್ತದೆ. ಸಂಘದ ಎರಡು ರೂಪಾಯಿ ಸಾಲವನ್ನು ಅದೇ ಹನ್ನೆರಡು ಕಂತಿಗೆ ಹಂಚಿದರೆ 2,600. ಇಷ್ಟೇ ವ್ಯತ್ಯಾಸ. ಸಂಘಕ್ಕೆ ಕಟ್ಟಿದ ಬಡ್ಡಿಯಲ್ಲಿ ಒಂದು ಪಾಲಾದರೂ ತಿರುಗಿ ಬರುತ್ತದೆ.)

ಶೇಕಡಾ 15 ಬರುವುದಾದರೆ ಇರುವ ಹಣವನ್ನೆಲ್ಲ ಸಂಘದಲ್ಲೇ ಇಡಬಹುದಲ್ಲ ಎಂದು ನೀನು ಕೇಳಬಹುದು. ಇಡಬಾರದು. ಆ 13,500 ರೂಪಾಯಿಯಲ್ಲಿ ಹೆಚ್ಚಿನದು ಬ್ಯಾಂಕಿನಲ್ಲಿಲ್ಲ, ಅಕ್ಕಪಕ್ಕದ ಮನೆಗಳಲ್ಲಿ ಸಾಲವಾಗಿ ಹರಡಿಕೊಂಡಿದೆ. ಸಾಲಗಾರರಲ್ಲಿ ಇಬ್ಬರು ಬೆಂಗಳೂರಿಗೆ ಕೆಲಸಕ್ಕೆ ಹೋಗಿ 60,000 ರೂಪಾಯಿ ಬರದೇ ಹೋಯಿತು ಎಂದಿಟ್ಟುಕೋ. ಉಳಿಯುವ 1,42,500ನ್ನು ಹಂಚಿದರೆ ತಲೆಗೆ 9,500, ಅಂದರೆ ಅತ್ತಿಗೆಯವರು ತಾವೇ ಕಟ್ಟಿದ ಹಣದಲ್ಲೂ 900 ಹೋಯಿತು. ಇಂಥದ್ದು ಒಂದೇ ದಿನಕ್ಕೆ ಆಗುವುದಿಲ್ಲ, ಮೊದಲೇ ಗುರುತು ಸಿಗುತ್ತದೆ. ಒಬ್ಬರ ಹಳೆಯ ಸಾಲ ತೀರಿದ ದಿನವೇ ಅವರ ಹೆಸರಿಗೆ ಹೊಸ ಸಾಲ ಬರೆದಿದ್ದರೆ, ನಿರ್ಣಯ ಪುಸ್ತಕದಲ್ಲಿ ಸಹಿ ಇದ್ದು ನಗದು ಪುಸ್ತಕದಲ್ಲಿ ಆ ಹಣ ಕಾಣದಿದ್ದರೆ, ಸದಸ್ಯರ ಪಾಸ್ ಪುಸ್ತಕಗಳನ್ನು ಯಾರೋ ಒಬ್ಬರ ಮನೆಯಲ್ಲೇ ಇಟ್ಟುಕೊಂಡಿದ್ದರೆ, ಆ ಸಂಘದಲ್ಲಿ ವಾರದ 50 ರೂಪಾಯಿಗಿಂತ ಹೆಚ್ಚು ಇಡುವುದು ಜಾಣತನವಲ್ಲ. ಇನ್ನೊಂದು ವಿಷಯ: ಸಾಲ ಇದೆಯೆಂದು ಬ್ಯಾಂಕ್ ಶಾಖೆಯವರು ಸಂಘದ ಉಳಿತಾಯ ಖಾತೆಯನ್ನು ತಡೆಹಿಡಿದರೆ ಸುಮ್ಮನಿರಬೇಡಿ, 10 ಲಕ್ಷದವರೆಗಿನ ಗುಂಪು ಸಾಲಕ್ಕೆ ಹಾಗೆ ಮಾಡಬಾರದೆಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಹತ್ತು ತಿಂಗಳಿಂದ ಅತ್ತಿಗೆಯವರು ತಿಂಗಳಿಗೆ ಎರಡು ಸಾವಿರಕ್ಕೂ ಹೆಚ್ಚು ಹಣವನ್ನು ಹೇಗೋ ಹೊಂದಿಸಿ, ತಪ್ಪದೆ ಕಟ್ಟಿದ್ದಾರೆ. ಮನೆ ಆ ಕಂತಿಗೆ ಒಗ್ಗಿಹೋಗಿದೆ. ಸಾಲ ತೀರಿತೆಂದು ಕಂತು ನಿಲ್ಲಿಸಿದರೆ ಎರಡೇ ತಿಂಗಳಲ್ಲಿ ಆ ಹಣ ಸಂತೆಯಲ್ಲಿ, ಮೊಬೈಲ್ ರೀಚಾರ್ಜಿನಲ್ಲಿ ಕರಗುತ್ತದೆ. ಆಮೇಲೆ ಜೂನ್ ಬಂದಾಗ ನಾಲ್ಕನೆಯ ಸಾಲದ ಅರ್ಜಿ. ಹಾಗಾಗದಿರಲು ಕಂತು ನಿಲ್ಲಬಾರದು: ಅದೇ ದಿನ, ಅದೇ ಮೊತ್ತ, ಆದರೆ ತಮ್ಮದೇ ಹೆಸರಿನ ಖಾತೆಗೆ ಹೋಗಬೇಕು.

ಪಾಸ್ ಪುಸ್ತಕದಲ್ಲಿ ಸಾಲದ ಕಾರಣಗಳನ್ನು ಬರೆದಿರುವುದು ಬಹಳ ಒಳ್ಳೆಯದಾಯಿತು. ಮೂರರಲ್ಲಿ ಎರಡು ಮಗಳ ಶಾಲೆಯ ಶುಲ್ಕಕ್ಕೆ, ಒಂದು ನಿನ್ನ ಆಸ್ಪತ್ರೆ ಖರ್ಚಿಗೆ. ಶಾಲೆಯ ಶುಲ್ಕ ಜೂನ್ ತಿಂಗಳಲ್ಲಿ ಬರುತ್ತದೆಂದು ಹಿಂದಿನ ಜೂನ್‌ನಲ್ಲೇ ಗೊತ್ತಿರುತ್ತದೆ. ಆದ್ದರಿಂದ ಮೊದಲನೆಯದಾಗಿ, ಅತ್ತಿಗೆಯವರ ಉಳಿತಾಯ ಖಾತೆ ಇರುವ ಬ್ಯಾಂಕಿನಲ್ಲೇ ತಿಂಗಳಿಗೆ 1,650 ರೂಪಾಯಿಯ, ಹನ್ನೆರಡು ತಿಂಗಳ ಆರ್.ಡಿ. ತೆರೆಯಲಿ. ಕಟ್ಟುವುದು 19,800, ಶೇಕಡಾ ಆರೂವರೆ ಬಡ್ಡಿ ಸಿಕ್ಕರೆ ಸುಮಾರು 700 ಸೇರಿ 20,500 ಕೈಗೆ ಬರುತ್ತದೆ. ಅದೇ 20,000ವನ್ನು ಸಾಲವಾಗಿ ಪಡೆದಿದ್ದರೆ 2,200 ಕಟ್ಟಬೇಕಿತ್ತು. ಶುಲ್ಕ ಬದಲಾಗಲಿಲ್ಲ, ಕಂತೂ ಹೆಚ್ಚುಕಡಿಮೆ ಅಷ್ಟೇ. ಖರ್ಚಿನ ಆಮೇಲೆ ಕಟ್ಟುವುದನ್ನು ಮುಂಚೆ ಕಟ್ಟಿದ್ದರಿಂದಲೇ ವರ್ಷಕ್ಕೆ 2,900 ರೂಪಾಯಿಯ ಅಂತರ ಬಿತ್ತು. ಮೊದಲ ವರ್ಷಕ್ಕೆ ಇದಕ್ಕಿಂತ ಒಳ್ಳೆಯ ಹೂಡಿಕೆಯನ್ನು ನಾನು ಹೇಳಲಾರೆ.

ಆಸ್ಪತ್ರೆಯ ಖರ್ಚು ಹಾಗಲ್ಲ, ಅದು ಹೇಳಿ ಬರುವುದಿಲ್ಲ. ಅದಕ್ಕೆಂದು ಅಂಚೆ ಕಚೇರಿಯಲ್ಲಿ ಐದು ವರ್ಷದ ಆರ್.ಡಿ. ಇರಲಿ, 100 ರೂಪಾಯಿಯಿಂದ ಆರಂಭಿಸಬಹುದು, ಅತ್ತಿಗೆಯವರು 500 ಕಟ್ಟಬಲ್ಲರು. ಶೇಕಡಾ 6.7 ದರದಲ್ಲಿ ಅರವತ್ತು ಕಂತಿಗೆ ಕಟ್ಟುವ 30,000ಕ್ಕೆ 35,680ರಷ್ಟು ಬರುತ್ತದೆ. ಸರ್ಕಾರ ಮೂರು ತಿಂಗಳಿಗೊಮ್ಮೆ ದರವನ್ನು ಪರಿಶೀಲಿಸಿದರೂ, ಖಾತೆ ತೆರೆದ ದಿನದ ದರವೇ ಕೊನೆಯವರೆಗೆ ಇರುತ್ತದೆ. ನಾನು ಇದನ್ನು ಹೇಳುತ್ತಿರುವುದು ಬಡ್ಡಿಗಾಗಿ ಅಲ್ಲ: ಹನ್ನೆರಡು ಕಂತು ಕಟ್ಟಿ ಒಂದು ವರ್ಷ ದಾಟಿದ ಮೇಲೆ, ಖಾತೆಯಲ್ಲಿರುವ ಹಣದ ಅರ್ಧದವರೆಗೆ ಆರ್.ಡಿ. ದರಕ್ಕಿಂತ ಶೇಕಡಾ 2 ಮಾತ್ರ ಹೆಚ್ಚಿನ ಬಡ್ಡಿಗೆ ಅಲ್ಲೇ ಸಾಲ ಸಿಗುತ್ತದೆ. ಸಂಘದ ವಾರ್ಷಿಕ 24ರ ಎದುರು ಇದು 8.7. ಯಾರ ಸಹಿಯೂ ಬೇಡ, ಸಭೆಯಲ್ಲಿ ಕಾರಣ ಹೇಳುವ ಸಂಕೋಚವೂ ಇಲ್ಲ. ಆದರೆ ತಿಂಗಳ 15ರೊಳಗೆ ಖಾತೆ ತೆರೆದರೆ ಪ್ರತಿ ಕಂತನ್ನೂ 15ರೊಳಗೆ ಕಟ್ಟಬೇಕು. ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ, ನಾಲ್ಕು ಕಂತು ತಪ್ಪಿದರೆ ಖಾತೆಯೇ ನಿಲ್ಲುತ್ತದೆ. ಮೂರು ವರ್ಷಕ್ಕೆ ಮುಂಚೆ ಮುಚ್ಚುವಂತಿಲ್ಲ, ಆಮೇಲೆ ಮುಚ್ಚಿದರೂ ಬಡ್ಡಿ ಉಳಿತಾಯ ಖಾತೆಯ ದರಕ್ಕೆ ಇಳಿಯುತ್ತದೆ. ಗೃಹಲಕ್ಷ್ಮಿಯ 2,000 ಬರುತ್ತದಲ್ಲ, ಅದರಿಂದಲೇ ಕಟ್ಟೋಣ ಎನ್ನಬೇಡ. ಅದು ತಿಂಗಳು ತಪ್ಪಿ ಬರುವುದುಂಟು, ಕಂತಿನ ತಾರೀಖು ಕಾಯುವುದಿಲ್ಲ. ಖಾತೆ ಅತ್ತಿಗೆಯವರ ಒಬ್ಬರ ಹೆಸರಿನಲ್ಲೇ ಇರಲಿ, ನಾಮಿನಿಯಾಗಿ ಯಾರನ್ನು ಬರೆಸಬೇಕೆಂದು ಅವರೇ ನಿರ್ಧರಿಸಲಿ. ಮಗಳಿಗೆ ಹತ್ತು ವರ್ಷ ದಾಟಿರುವುದರಿಂದ ಸುಕನ್ಯಾ ಸಮೃದ್ಧಿ ಖಾತೆಯ ವಿಚಾರ ಬಿಟ್ಟುಬಿಡು.

ಮ್ಯೂಚುಯಲ್ ಫಂಡನ್ನು ನಾನು ಬೇಡವೆನ್ನುವುದಿಲ್ಲ, ಆದರೆ ಅದರ ಸರದಿ ಮೂರನೆಯದು. ಶುಲ್ಕದ ಆರ್.ಡಿ. ಒಮ್ಮೆ ಪೂರ್ತಿಯಾಗಿ, ಹೊಸ ಸಾಲವಿಲ್ಲದೆ ಒಂದು ಜೂನ್ ಕಳೆದ ಮೇಲೆ, ಏಳೆಂಟು ವರ್ಷ ಮುಟ್ಟದೆ ಇಡಬಲ್ಲ 500 ರೂಪಾಯಿಯನ್ನು ಸೂಚ್ಯಂಕ ಆಧಾರಿತ ಫಂಡೊಂದಕ್ಕೆ ಎಸ್.ಐ.ಪಿ. ಮೂಲಕ ತಿಂಗಳು ತಿಂಗಳು ಹಾಕಬಹುದು. 2020ರ ಜನವರಿಯಿಂದ ಮಾರ್ಚ್‌ವರೆಗೆ ಷೇರುಪೇಟೆಯ ಸೂಚ್ಯಂಕವಾದ ನಿಫ್ಟಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿದು, ನವೆಂಬರ್ ಹೊತ್ತಿಗೆ ಹಳೆಯ ಮಟ್ಟಕ್ಕೆ ಮರಳಿತು. ಮುಂದಿನ ತಿಂಗಳ ಶುಲ್ಕಕ್ಕೆಂದು ಹಣವಿಟ್ಟವರಿಗೆ ನವೆಂಬರ್‌ವರೆಗೆ ಕಾಯಲು ಆಗುತ್ತಿರಲಿಲ್ಲ. ಅದು ಬೇಗ ಮರಳಿತೆಂದು ಪ್ರತಿಸಲವೂ ಅಷ್ಟೇ ಬೇಗ ಮರಳುತ್ತದೆಂದೂ ನಂಬಬೇಡ.

ಹೂಡಿಕೆಯನ್ನು ಸಂಘದ ಸಭೆಗೆ ತರಲು ಮಾತ್ರ ಬಿಡಬೇಡ. ಹಿಂದೊಮ್ಮೆ ನಾನು ಲೆಕ್ಕ ನೋಡುತ್ತಿದ್ದ ಗುಂಪಿಗೆ ಏಜೆಂಟರೊಬ್ಬರು ಬಂದು, ಹತ್ತು ಹೆಂಗಸರಿಗೆ ಒಂದೇ ಮಧ್ಯಾಹ್ನದಲ್ಲಿ ಉಳಿತಾಯ ಪಾಲಿಸಿ ಮಾಡಿಸಿದರು. ನಾನು ಮೂಲೆಯಲ್ಲಿ ಲೆಡ್ಜರ್ ಕೂಡುತ್ತಾ ಕುಳಿತಿದ್ದೆ; ನನಗೇಕೆ ಎಂದು ಸುಮ್ಮನಿದ್ದೆ. ಎರಡನೆಯ ವರ್ಷದ ಕಂತಿನ ಹೊತ್ತಿಗೆ ಏಳು ಪಾಲಿಸಿಗಳು ನಿಂತುಹೋಗಿದ್ದವು, ಮೊದಲ ವರ್ಷ ಕಟ್ಟಿದ್ದರಲ್ಲಿ ಅವರಿಗೆ ಏನೂ ತಿರುಗಿ ಬರಲಿಲ್ಲ. ಪಕ್ಕದವಳು ಸಹಿ ಹಾಕಿದಳೆಂದು ತಾನೂ ಹಾಕುವುದು ಸಂಘದ ಸಾಲದಲ್ಲಿ ಪರಸ್ಪರ ಜಾಮೀನಾಗಿ ಕೆಲಸಕ್ಕೆ ಬರುತ್ತದೆ, ಹೂಡಿಕೆಯಲ್ಲಿ ಹಾನಿ ಮಾಡುತ್ತದೆ.

ಹೊಲಿಗೆ ಯಂತ್ರಕ್ಕೋ ಹಸುವಿಗೋ ಸಾಲ ಬೇಕೆನಿಸಿದರೆ ಆಗ ಸಂಘದ ಮೂಲಕ ಬರುವ ಬ್ಯಾಂಕ್ ಸಾಲವನ್ನೇ ಕೇಳಲಿ. ದುಡಿಮೆಗೆ ಬರುವ ಸಾಲದ ಲೆಕ್ಕ ಬೇರೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಸದ್ಯಕ್ಕೆ ಮಂಗಳವಾರದ ಸಭೆಯಲ್ಲಿ ಸಾಲದ ಲೆಡ್ಜರ್ ತೆರೆಸಿ, ಆ 2,84,500ರಲ್ಲಿ ಮೂರು ತಿಂಗಳಿಂದ ಕಂತು ಬಾರದಿರುವುದು ಎಷ್ಟೆಂದು ಅತ್ತಿಗೆಯವರು ಕೇಳಿ ಬರೆದುಕೊಳ್ಳಲಿ. ಆ ಪುಟದ ಫೋಟೋ ಕಳಿಸು, ಈ ಸಲ ಸ್ವಲ್ಪ ಬೆಳಕಿನಲ್ಲಿ ತೆಗೆ.

ನಿನ್ನ ಗೆಳೆಯ