ಮೈಕ್ ಕೈಗೆ ಬಂದಾಗ ಒಂದೇ ಪ್ರಶ್ನೆ

ಪ್ರೀತಿಯ ಅನಘಾ,

ಸಮ್ಮೇಳನದಲ್ಲಿ ಪ್ರಶ್ನೆ ಕೇಳಬೇಕು ಅಂತ ಆಸೆ, ಆದರೆ ಎದ್ದು ನಿಂತರೆ ಏನು ಕೇಳಬೇಕೋ ತೋಚುವುದಿಲ್ಲ ಅಂತ ಬರೆದಿದ್ದೀಯ. ನಿನ್ನ ವಯಸ್ಸಿನಲ್ಲಿ ನಾನು ಒಂದೇ ಉಸಿರಿಗೆ ಮೂರು ಪ್ರಶ್ನೆ ಕೇಳಿದ್ದೆ. ಮಾತಾಡಿದವರು ಸುಲಭವಾದದ್ದಕ್ಕೆ ಉತ್ತರ ಕೊಟ್ಟು ಮುಂದಿನವರ ಕಡೆ ತಿರುಗಿದರು. ನನಗೆ ನಿಜವಾಗಿ ಬೇಕಿದ್ದದ್ದು ಹಾಗೇ ಉಳಿಯಿತು. ಅವತ್ತಿನಿಂದ ನಾನು ಒಂದೇ ಪ್ರಶ್ನೆ ಕೇಳುತ್ತೇನೆ.

ಆ ಒಂದನ್ನು ಹುಡುಕಲು ನನಗೆ ಗೊತ್ತಿರುವ ಒಳ್ಳೆ ಜಾಗ, ಲೆಕ್ಕದಿಂದ ಹೊರಗೆ ಉಳಿದವರು. ಹೀಗೆ ಅಂದುಕೋ. ಒಬ್ಬರು ವೇದಿಕೆ ಮೇಲೆ ಹೇಳುತ್ತಾರೆ: "ಮೊದಲು ಡಾಕ್ಟರ್ ಹತ್ತಿರ ಸಮಯ ತೆಗೆದುಕೊಂಡ 100 ಜನರಲ್ಲಿ 30 ಜನ ಬರುತ್ತಲೇ ಇರಲಿಲ್ಲ. ಹಿಂದಿನ ದಿನ ನೆನಪಿಸುವ ಮೆಸೇಜ್ ಕಳಿಸಿದ ಮೇಲೆ ಅದು 18ಕ್ಕೆ ಇಳಿಯಿತು." ಸ್ಲೈಡ್ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇದೆ: "ಮೆಸೇಜ್ ತಲುಪಿದವರು ಮಾತ್ರ." ಅಲ್ಲಿ ನಿಲ್ಲು. 30 ಅನ್ನುವುದು ಎಲ್ಲರ ಲೆಕ್ಕ. 18 ಅನ್ನುವುದು ಕೆಲವರ ಲೆಕ್ಕ. ನಂಬರ್ ಬದಲಾದವರು, ಫೋನೇ ಇಲ್ಲದವರು ಎರಡನೆಯದರಲ್ಲಿ ಇಲ್ಲವೇ ಇಲ್ಲ. 100ರಲ್ಲಿ 20 ಜನಕ್ಕೆ ಮೆಸೇಜ್ ತಲುಪದೆ, ಅವರಲ್ಲಿ ಅರ್ಧ ಜನ ಬಾರದೆ ಇದ್ದರೆ, ಆ 10 ಜನ, ಜೊತೆಗೆ ಮೆಸೇಜ್ ತಲುಪಿದ 80 ಜನರಲ್ಲಿ 100ಕ್ಕೆ 18ರಂತೆ ಸುಮಾರು 14 ಜನ. ಒಟ್ಟು ಬಾರದವರು 18 ಅಲ್ಲ, ಸುಮಾರು 24.

ಈಗ ಇದನ್ನು ಕೇಳುವುದು ಹೇಗೆ? ಮೊದಲು ಮನಸ್ಸಿಗೆ ಬರುವುದು ಹೀಗಿರುತ್ತದೆ: "ತುಂಬಾ ಚೆನ್ನಾಗಿತ್ತು, ನಾನೂ ಇಂಥದೇ ಕೆಲಸ ಮಾಡುತ್ತೇನೆ, ನಮ್ಮಲ್ಲೂ ಫೋನ್ ನಂಬರ್ ತೊಂದರೆ ಇದೆ, ಇದು ಎಲ್ಲ ಕಡೆ ನಡೆಯುತ್ತದಾ?" ಇದಕ್ಕೆ "ಹೌದು, ನಡೆಯುತ್ತದೆ" ಅಂದರೆ ಮುಗಿಯಿತು. ಅದರ ಬದಲು ನೋಟ್‌ಬುಕ್ಕಿನಲ್ಲಿ ಹೀಗೆ ಬರೆದುಕೋ:

"ನಾನು ಅನಘಾ, ರೋಗಿಗಳ ದಾಖಲೆ ನೋಡಿಕೊಳ್ಳುತ್ತೇನೆ. ನಿಮ್ಮ 18 ಮೆಸೇಜ್ ತಲುಪಿದವರ ಲೆಕ್ಕ ಅಂತ ಸ್ಲೈಡಿನಲ್ಲಿದೆ. ತಲುಪದವರನ್ನೂ ಸೇರಿಸಿದರೆ ಅದು ಎಷ್ಟಾಗುತ್ತದೆ?"

ಗಡಿಯಾರ ಇಟ್ಟುಕೊಂಡು ಓದಿ ನೋಡು, 20 ಸೆಕೆಂಡೂ ಆಗುವುದಿಲ್ಲ. ನೀನು ಯಾರು ಅನ್ನುವುದು ಒಂದು ಸಾಲು, ಅವರದೇ ಮಾತು ಒಂದು ಸಾಲು, ಪ್ರಶ್ನೆ ಒಂದು ಸಾಲು. ಉತ್ತರ ಒಂದು ಸಂಖ್ಯೆ, ಇಲ್ಲವೇ "ನಾವು ನೋಡಿಲ್ಲ" ಅನ್ನುವ ಮಾತು. ಎರಡೂ ಸಭೆಗೆ ಉಪಯೋಗವೇ. ನಿನ್ನ 24 ಮಾತ್ರ ಬಾಯಿಗೆ ತರಬೇಡ. ಅದು ಊಹೆ. ಅದನ್ನು ಹೇಳಿದರೆ ಮಾತು ನಿನ್ನ ಊಹೆಯ ಮೇಲೆ ಹೋಗುತ್ತದೆ.

ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದೇ ಕಷ್ಟ. ಅವರು ಯೋಚಿಸುತ್ತಿದ್ದಾರೆ, ಸಭೆ ನಿಶ್ಶಬ್ದ, ನಿನಗೆ ಮುಜುಗರ. "ಅಂದರೆ ನನ್ನ ಅರ್ಥ ಏನೆಂದರೆ..." ಅಂತ ಮತ್ತೆ ಶುರು ಮಾಡಬೇಕು ಅನ್ನಿಸುತ್ತದೆ. ಮಾಡಬೇಡ. ನೀನು ಸೇರಿಸುವ ಎರಡನೇ ಮಾತು ಅವರಿಗೆ ತಪ್ಪಿಸಿಕೊಳ್ಳುವ ದಾರಿ ಆಗುತ್ತದೆ.

ವೇದಿಕೆ ಮೇಲೆ ನಾಲ್ಕೈದು ಜನ ಕೂತ ಚರ್ಚೆಯಾದರೆ "ನಿಮ್ಮೆಲ್ಲರಿಗೂ ನನ್ನ ಪ್ರಶ್ನೆ" ಅನ್ನಬೇಡ. ಒಬ್ಬೊಬ್ಬರೂ ಒಂದೊಂದು ಸವಿ ಮಾತು ಹೇಳಿ ಸಮಯ ಮುಗಿಯುತ್ತದೆ. ಒಬ್ಬರ ಹೆಸರು ಹಿಡಿದು ಕೇಳು. ಇಬ್ಬರ ಮಾತು ಎಲ್ಲಾದರೂ ಒಂದಕ್ಕೊಂದು ಹೊಂದದಿದ್ದರೆ ಅದನ್ನೇ ಇಬ್ಬರ ಮುಂದೆ ಇಡು. ಅದಕ್ಕೇ ಹೇಳುವುದು, ಯಾರು ಏನಂದರು ಅಂತ ಹೆಸರಿನ ಜೊತೆ ಗುರುತು ಹಾಕಿಕೋ.

ಉತ್ತರ ಕೊಡುವ ಮೊದಲು "ಒಳ್ಳೆ ಪ್ರಶ್ನೆ" ಅನ್ನುತ್ತಾರೆ. ಅದನ್ನು ಎಲ್ಲರಿಗೂ ಅನ್ನುತ್ತಾರೆ, ಲೆಕ್ಕಕ್ಕೆ ಇಟ್ಟುಕೊಳ್ಳಬೇಡ. ಅವರು ಸ್ಲೈಡನ್ನು ಹಿಂದಕ್ಕೆ ತಿರುಗಿಸಿದರೆ ಅಥವಾ ಮುಂದೆ ಕೇಳಿದವರು "ಅವರು ಆಗಲೇ ಕೇಳಿದ ಹಾಗೆ" ಅಂದರೆ, ಪ್ರಶ್ನೆ ತಾಗಿದೆ ಅಂತ ತಿಳಿ.

ಒಂದು ಕಡೆ ಮಾತ್ರ ಹಿಂದೆ ಸರಿ. ಮಾತಾಡುತ್ತಿರುವುದು ಮೊದಲ ಸಲ ವೇದಿಕೆ ಹತ್ತಿದ ವಿದ್ಯಾರ್ಥಿಯಾಗಿದ್ದು, ನಿನಗೆ ಕಂಡ ಬಿರುಕು ಅವರ ಇಡೀ ಕೆಲಸವನ್ನೇ ಬೀಳಿಸುವಂಥದಾದರೆ, ಅದನ್ನು ಆಮೇಲೆ ಪಕ್ಕಕ್ಕೆ ಕರೆದು ಹೇಳು. ನಾನು ಒಮ್ಮೆ ಸಭೆಯಲ್ಲೇ ಕೇಳಿಬಿಟ್ಟೆ. ಆ ಹುಡುಗನ ಕೈಯಲ್ಲಿದ್ದ ಕಾಗದ ನಡುಗುತ್ತಿದ್ದದ್ದು ಇನ್ನೂ ಕಣ್ಣ ಮುಂದಿದೆ.

ಮುಗಿದ ಮೇಲೆ ಅವರ ಹತ್ತಿರ ಹೋಗಿ "ತಲುಪದವರ ಬಗ್ಗೆ ಕೇಳಿದ್ದು ನಾನೇ" ಅಂತ ಪರಿಚಯ ಮಾಡಿಕೋ. ಹೆಸರು ಮರೆತರೂ ಪ್ರಶ್ನೆ ಅವರಿಗೆ ನೆನಪಿರುತ್ತದೆ. ಅದೇ ಸಂಜೆ ಎರಡು ಸಾಲಿನ ಇಮೇಲ್ ಕಳಿಸು, ಅದರಲ್ಲೂ ಆ ಪ್ರಶ್ನೆಯನ್ನೇ ಮೊದಲು ಬರೆ.

ಯಾರು ಯಾರು ಮಾತಾಡುತ್ತಾರೆ ಅನ್ನುವ ಪಟ್ಟಿ ಬಂದಿದ್ದರೆ ನನಗೂ ಕಳಿಸು. ಭಾನುವಾರ ಫೋನಿನಲ್ಲಿ ಕೂತು ಒಂದೆರಡು ಪ್ರಶ್ನೆ ಬರೆದು ನೋಡೋಣ.

ಇಂತಿ,
ನಿನ್ನ ಅತ್ತೆ