ಭಾನುವಾರದ ಶುಗರ್ ತಪಾಸಣೆ: ಮೊದಲು ಅಂಕ ಹಾಕಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 7ಕ್ಕೆ ನಮ್ಮ ಸಂಘದ ಹಾಲ್‌ನಲ್ಲಿ ಶುಗರ್ ತಪಾಸಣೆ ಇದೆ. ಈಗಾಗಲೇ ಶುಗರ್ ಇರುವವರಿಗಲ್ಲ, ಇದೆಯೋ ಇಲ್ಲವೋ ಗೊತ್ತಿಲ್ಲದ 30 ದಾಟಿದವರಿಗೆ.

ಬರುವ ಮುಂಚೆ ಚೆನ್ನೈನ ಸಂಶೋಧಕರು ನಮ್ಮ ದೇಶದವರಿಗೆಂದೇ ಮಾಡಿದ ಅಂಕಪಟ್ಟಿಯಲ್ಲಿ ನಿಮ್ಮ ಅಂಕ ನೋಡಿಕೊಳ್ಳಿ.

ವಯಸ್ಸು 35ರಿಂದ 49 ಆದರೆ 20, 50 ಅಥವಾ ಮೇಲಾದರೆ 30. ಸೊಂಟ ಹೆಂಗಸರಿಗೆ 80 ಸೆಂ.ಮೀ. ಮುಟ್ಟಿದರೆ 10, 90 ಆದರೆ 20. ಗಂಡಸರಿಗೆ ಇದೇ ಅಂಕ 90 ಮತ್ತು 100ಕ್ಕೆ. ಅಪ್ಪ ಅಮ್ಮರಲ್ಲಿ ಒಬ್ಬರಿಗೆ ಶುಗರ್ ಇದ್ದರೆ 10, ಇಬ್ಬರಿಗೂ ಇದ್ದರೆ 20. ವ್ಯಾಯಾಮವೂ ಇಲ್ಲ, ಕೂತೇ ಕೆಲಸ ಅಂದರೆ 30.

ಪ್ಯಾಂಟ್ ಸೈಜ್ ಬರೆಯಬೇಡಿ, ಅದು ಸುಳ್ಳು ಹೇಳುತ್ತೆ! ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪ್ ಹಿಡಿದು, ಉಸಿರು ಬಿಟ್ಟು ಅಳೆಯಿರಿ.

ಉದಾಹರಣೆಗೆ 38 ವರ್ಷದ ಒಬ್ಬಾಕೆ, ನೋಡೋಕೆ ದಪ್ಪ ಏನಿಲ್ಲ. ವಯಸ್ಸಿಗೆ 20, ಸೊಂಟ 84, ಅದಕ್ಕೆ 10, ಅಮ್ಮನಿಗೆ ಶುಗರ್, 10, ವ್ಯಾಯಾಮ ಇಲ್ಲದ ಕೂತ ಕೆಲಸ, 30. ಒಟ್ಟು 70. 60 ಅಥವಾ ಮೇಲೆ ಬಂದರೆ ಅಪಾಯ ಜಾಸ್ತಿ ಅಂತ ಲೆಕ್ಕ.

ಆದರೆ ಅಂಕ ಜಾಸ್ತಿ ಬಂದರೆ ಶುಗರ್ ಇದೆ ಅಂತಲ್ಲ, ಕಡಿಮೆ ಬಂದರೆ ಇಲ್ಲ ಅಂತಲೂ ಅಲ್ಲ. ಅದನ್ನು ಹೇಳುವುದು ರಕ್ತಪರೀಕ್ಷೆ ಮಾತ್ರ. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಸುಮ್ನೆ ತೂಕ ಇಳಿಯುವುದು ಇದ್ದರೆ ಅಂಕ ಎಣಿಸುತ್ತಾ ಕೂರಬೇಡಿ, ಭಾನುವಾರಕ್ಕೂ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ಗರ್ಭಿಣಿಯರಿಗೆ ಈ ಪಟ್ಟಿ ಅಲ್ಲ, ಅವರಿಗೆ ಬೇರೆ ಪರೀಕ್ಷೆ.

60 ಅಥವಾ ಮೇಲೆ ಅಂಕ ಬಂದವರು 8 ಗಂಟೆ ಖಾಲಿ ಹೊಟ್ಟೆಯಲ್ಲಿ ಬನ್ನಿ. ಕಾಫಿಯೂ ಬೇಡ, ನೀರು ಕುಡಿಯಬಹುದು. ಬರುವವರು ಶುಕ್ರವಾರದೊಳಗೆ ಹೆಸರು ಮಾತ್ರ ಇಲ್ಲಿ ಹಾಕಿ. ಅಂಕವನ್ನು ಗುಂಪಿನಲ್ಲಿ ಹಾಕಬೇಡಿ, ಚೀಟಿಯಲ್ಲಿ ಬರೆದು ತನ್ನಿ.