ಮೂಲೆ ಕೋಣೆಯ ಸ್ಲ್ಯಾಬ್: ಶುಕ್ರವಾರ ಸರಳು ತಪಾಸಣೆ

ನಮಸ್ಕಾರ್ರಿ ಎಲ್ಲರಿಗೂ. ಬಾಗಲಕೋಟೆ ನವನಗರದ ಮನೆಯ ಮೂಲೆ ಕೋಣೆಗೆ (4 × 4.8 ಮೀ) ಶನಿವಾರ ಕಾಂಕ್ರೀಟ್. ಸೈಟ್ ಎಂಜಿನಿಯರರು, ಸರಳು ಕಟ್ಟುವವರು ಶುಕ್ರವಾರ ಸಂಜೆ 5ಕ್ಕೆ ಬರ್ರಿ.

ದಪ್ಪ 125 ಮಿಮೀ. ಗಿಡ್ಡ ಸ್ಪ್ಯಾನ್ 3.5 ಮೀ ದಾಟಿದೆ, ಹಾಗಾಗಿ ಬರೀ 32ರಿಂದ ಭಾಗಿಸಿ ಬಿಟ್ಟಿಲ್ಲ; ಡಿಫ್ಲೆಕ್ಷನ್ ಬೇರೆಯಾಗಿ ನೋಡಿದ್ದೇನೆ, ಕೂಡುತ್ತದೆ.

ಅಕ್ಕಪಕ್ಕದ ಎರಡು ಅಂಚು ಮುಂದುವರಿಯದ ಪ್ಯಾನೆಲ್ ಇದು, ಅನುಪಾತ 1.2. ಐಎಸ್ 456ರ ಕೋಷ್ಟಕ 26ರಲ್ಲಿ ಗಿಡ್ಡ ದಿಕ್ಕಿನ ಗುಣಾಂಕ ನಡುವೆ 0.045, ಒಳಗಿನ ಬೀಮ್ ಮೇಲೆ 0.060. ಅದಕ್ಕೇ 8 ಎಂಎಂ ಸರಳು ನಡುವೆ 200 ಮಿಮೀಗೆ, ಬೀಮ್ ಮೇಲೆ 150ಕ್ಕೆ.

ಕೆಳಜಾಲರಿಯಲ್ಲಿ ಗಿಡ್ಡ ಸರಳೇ ಕೆಳಗೆ ಇರಲಿ, ಇದು ತಿರುಗಾಮುರುಗಾ ಆಗೋದೇ ಹೆಚ್ಚು. ಹೊರಮೂಲೆಗೆ 80 ಸೆಂಮೀ ಚೌಕದ ಜಾಲರಿ ಮೇಲೂ ಕೆಳಗೂ ಬೇಕು. ಬಿಟ್ಟರೆ ಮೂಲೆಯಲ್ಲಿ ಓರೆ ಬಿರುಕು ಬರುತ್ತದೆ.

ಬರುವವರು ಇಲ್ಲೇ ತಿಳಿಸ್ರಿ. ಕವರ್ ಬ್ಲಾಕ್ 20 ಮಿಮೀದು ಯಾರು ತರ್ತೀರಿ?